ಹುರುಪು ತರುವ ಕೆಲಸ, ಹುರುಪು ಹೀರುವ ಕೆಲಸ

ಇಟಲಿಯ ತೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ ಆಯಾಸವನ್ನು ಅಳೆಯಲು ಒಂದು ಯಂತ್ರ ಮಾಡಿಸಿದ್ದರು. ಮುಂಗೈಯನ್ನು ಅಲುಗಾಡದಂತೆ ಬಿಗಿದು, ನಡುಬೆರಳಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ತೂಕ ಇಳಿಬಿಡುವುದು. ತಾಳಕ್ಕೆ ತಕ್ಕಂತೆ ಬೆರಳು ಮಡಚಿ ಆ ತೂಕವನ್ನು ಮತ್ತೆ ಮತ್ತೆ ಎತ್ತಬೇಕು. ಪ್ರತಿಸಲ ಎತ್ತಿದಾಗಲೂ ಕಾಗದದ ಮೇಲೆ ಒಂದು ಗೆರೆ ಮೂಡುತ್ತದೆ. ಬೆರಳು ದಣಿದಂತೆ ಗೆರೆಗಳು ಗಿಡ್ಡವಾಗುತ್ತ ಹೋಗಿ ಕೊನೆಗೆ ನಿಂತುಬಿಡುತ್ತವೆ. ಇಡೀ ದಿನ ವಿದ್ಯಾರ್ಥಿಗಳಿಗೆ ಮೌಖಿಕ ಪರೀಕ್ಷೆ ಮಾಡಿ ಬಂದ ಸಹೋದ್ಯೋಗಿಯೊಬ್ಬರನ್ನು ಮೊಸ್ಸೊ ಈ ಯಂತ್ರದ ಮುಂದೆ ಕೂರಿಸಿದರು. ಆ ದಿನ ಅವರು ಭಾರವಾದದ್ದೇನನ್ನೂ ಎತ್ತಿರಲಿಲ್ಲ, ಕುಳಿತು ಪ್ರಶ್ನೆ ಕೇಳಿದ್ದರು ಅಷ್ಟೆ. ಆದರೂ ಅವರ ಬೆರಳು ಬೇಗನೆ ಸೋತಿತು.

1891ರಲ್ಲಿ ಮೊಸ್ಸೊ ಆಯಾಸದ ಬಗ್ಗೆ ಬರೆದ ಪುಸ್ತಕ ಯುರೋಪಿನಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು. ಮೈ ದಣಿಯುವುದೂ ಮನಸ್ಸು ದಣಿಯುವುದೂ ಒಂದಕ್ಕೊಂದು ಅಂಟಿಕೊಂಡಿವೆ ಎಂದು ಕಣ್ಣಿಗೆ ಕಾಣುವಂತೆ ತೋರಿಸಿದ್ದು ಆ ಪ್ರಯೋಗದ ಹೆಚ್ಚುಗಾರಿಕೆ. ಆದರೆ ಬೆರಳಿನ ಗೆರೆ ಒಂದು ಮಾತನ್ನು ಹೇಳಲಾರದು. ಅದೇ ಪ್ರಾಧ್ಯಾಪಕರು ಅಷ್ಟೇ ಹೊತ್ತು ತಮಗೆ ಪ್ರಿಯವಾದ ಪ್ರಯೋಗವೊಂದರಲ್ಲಿ ಮುಳುಗಿದ್ದರೆ ಸಂಜೆಗೆ ಹೇಗಿರುತ್ತಿದ್ದರು? ಒಬ್ಬರನ್ನು ಹಿಂಡಿಹಾಕುವ ಕೆಲಸ ಪಕ್ಕದ ಮೇಜಿನವರಿಗೆ ಹುರುಪು ತರುವುದು ಏಕೆ? ದಿನದ ಯಾವ ಕೆಲಸ ಹುರುಪು ಕೊಟ್ಟಿತು, ಯಾವುದು ಹೀರಿತು ಎಂದು ಬರೆದಿಡುತ್ತ ಹೋದರೆ, ಯಾರಿಗೆ ಯಾವ ಹೊಣೆ ಒಗ್ಗುತ್ತದೆ ಎಂಬುದು ಗೊತ್ತಾಗುವುದೇ? ಉದ್ಯೋಗ ಸಲಹೆಗಾರರು ಇಂದು ಇಂಥ ನಕ್ಷೆ ಬರೆಯಿರಿ ಎಂದು ಸುಲಭವಾಗಿ ಹೇಳುತ್ತಾರೆ. ಅದರ ಹಿಂದಿರುವ ಆಧಾರ ಎಷ್ಟು ಗಟ್ಟಿ, ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೋಡಬೇಕು.

ಮೊದಲ ತೊಡಕು ನೆನಪಿನದು. 'ನಿಮ್ಮ ಕೆಲಸದಲ್ಲಿ ಯಾವುದು ಇಷ್ಟ?' ಎಂದು ಕೇಳಿದರೆ ಯಾರೇ ಆಗಲಿ ಉತ್ತರ ಕೊಡುತ್ತಾರೆ. ಆ ಉತ್ತರ ನಡೆದ ದಿನದಿಂದ ಬರುವುದಕ್ಕಿಂತ ಹೆಚ್ಚಾಗಿ ತಮ್ಮ ಬಗ್ಗೆ ತಾವೇ ಕಟ್ಟಿಕೊಂಡ ಚಿತ್ರದಿಂದ ಬರುತ್ತದೆ. ಆಡಳಿತ ಚಿಂತಕ ಪೀಟರ್ ಡ್ರಕರ್ 1967ರ ತಮ್ಮ ಪುಸ್ತಕದಲ್ಲಿ ಒಂದು ಕಂಪನಿಯ ಅಧ್ಯಕ್ಷರ ಪ್ರಸಂಗ ಹೇಳುತ್ತಾರೆ. ತಮ್ಮ ಸಮಯ ಮೂರು ಪಾಲಾಗಿ ಹಂಚಿಹೋಗುತ್ತದೆ ಎಂದು ಆ ಅಧ್ಯಕ್ಷರು ಖಚಿತವಾಗಿ ನಂಬಿದ್ದರು. ಒಂದು ಪಾಲು ಹಿರಿಯ ಅಧಿಕಾರಿಗಳಿಗೆ, ಒಂದು ಪಾಲು ದೊಡ್ಡ ಗ್ರಾಹಕರಿಗೆ, ಇನ್ನೊಂದು ಸಮಾಜದ ಕೆಲಸಗಳಿಗೆ. ಆರು ವಾರ ಅವರ ಸಮಯವನ್ನು ದಾಖಲಿಸಿದಾಗ ಈ ಮೂರಕ್ಕೂ ಅವರು ಹೆಚ್ಚುಕಡಿಮೆ ಸಮಯವನ್ನೇ ಕೊಟ್ಟಿರಲಿಲ್ಲ ಎಂದು ಗೊತ್ತಾಯಿತು. ಬಹುಪಾಲು ಹೊತ್ತು ಅವರು ತಮಗೆ ಪರಿಚಯವಿದ್ದ ಗ್ರಾಹಕರ ಆರ್ಡರುಗಳ ಹಿಂದೆ ಬಿದ್ದು ಕಾರ್ಖಾನೆಗೆ ಫೋನು ಮಾಡುತ್ತಿದ್ದರು. ಆ ಮೂರು ಕೆಲಸ ತಾನು ಮಾಡಬೇಕಾದದ್ದು ಎಂದು ಅವರಿಗೆ ಗೊತ್ತಿತ್ತು. ಮಾಡಬೇಕಾದದ್ದನ್ನೇ ಮಾಡುತ್ತಿದ್ದೇನೆ ಎಂದು ನೆನಪು ಅವರಿಗೆ ಒಪ್ಪಿಸಿಬಿಟ್ಟಿತ್ತು.

ಡ್ರಕರ್ ಈ ಕಥೆಯನ್ನು ಸಮಯ ಪೋಲಾಗುವ ಬಗ್ಗೆ ಹೇಳಿದ್ದು. ಅದರಲ್ಲಿ ಇನ್ನೊಂದು ಸುಳಿವೂ ಇದೆ. ಯಾರೂ ಹೇಳದಿದ್ದರೂ, ಅಗತ್ಯವಿಲ್ಲದಿದ್ದರೂ ಮನುಷ್ಯ ಯಾವ ಕೆಲಸಕ್ಕೆ ತಾನಾಗಿ ಜಾರುತ್ತಾನೆ ಎಂಬುದು ಗಮನಿಸತಕ್ಕ ಸಂಗತಿ. ಆ ಅಧ್ಯಕ್ಷರಿಗೆ ಆರ್ಡರು ಮುಗಿಸುವ ಆ ಓಡಾಟದಲ್ಲೇ ಏನೋ ಸಿಗುತ್ತಿದ್ದಿರಬೇಕು.

ನೆನಪನ್ನು ಬದಿಗಿಟ್ಟು, ಅನುಭವವನ್ನು ಅದು ನಡೆಯುವಾಗಲೇ ಹಿಡಿಯುವ ದಾರಿಯನ್ನು ತೆರೆದವರಲ್ಲಿ ಮುಖ್ಯರು ಶಿಕಾಗೊ ವಿಶ್ವವಿದ್ಯಾಲಯದ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್. 1970ರ ದಶಕದಲ್ಲಿ ಅವರ ತಂಡ ಜನರ ಕೈಗೆ ಪೇಜರ್ ಕೊಟ್ಟಿತು. ದಿನದಲ್ಲಿ ಹಲವು ಸಲ, ಮುಂಚಿತವಾಗಿ ಗೊತ್ತಿಲ್ಲದ ಹೊತ್ತಿಗೆ ಅದು ಸದ್ದು ಮಾಡುತ್ತದೆ. ಸದ್ದಾದ ಕೂಡಲೇ ಕೈಲಿದ್ದ ಪುಸ್ತಿಕೆ ತೆರೆದು, ಈಗ ಏನು ಮಾಡುತ್ತಿದ್ದೇನೆ, ಮನಸ್ಸು ಹೇಗಿದೆ, ಗಮನ ಎಷ್ಟಿದೆ, ಈ ಕೆಲಸ ಎಷ್ಟು ಸವಾಲಿನದು ಎಂದು ಗುರುತು ಹಾಕಬೇಕು. 1989ರಲ್ಲಿ ಅವರೂ ಜುಡಿತ್ ಲೆಫೆವ್ರ್ ಅವರೂ ಪ್ರಕಟಿಸಿದ ಅಧ್ಯಯನದಲ್ಲಿ ಶಿಕಾಗೊ ಸುತ್ತಮುತ್ತಲಿನ 78 ಮಂದಿ ಉದ್ಯೋಗಿಗಳು ಒಂದು ವಾರ ಹೀಗೆ ದಾಖಲೆ ಇಟ್ಟರು. ಅವರಲ್ಲಿ ಮ್ಯಾನೇಜರುಗಳೂ ಗುಮಾಸ್ತರೂ ಕಾರ್ಖಾನೆಯ ಕಾರ್ಮಿಕರೂ ಇದ್ದರು. ಸವಾಲೂ ಕೌಶಲವೂ ಎರಡೂ ಮೇಲ್ಮಟ್ಟದಲ್ಲಿರುವ, ಮನುಷ್ಯ ಕೆಲಸದಲ್ಲಿ ತಲ್ಲೀನನಾಗುವ ಗಳಿಗೆಗಳು ಕೆಲಸದ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚಿದ್ದವು. ಬಿಡುವಿನ ಹೊತ್ತಿನಲ್ಲಿ ಅವು ಐದರಲ್ಲಿ ಒಂದಕ್ಕಿಂತ ಕಡಿಮೆ.

ಹೀಗಿದ್ದೂ ಅದೇ ಜನ ಕೆಲಸದ ಹೊತ್ತಿನಲ್ಲಿ 'ಇದನ್ನು ಬಿಟ್ಟು ಬೇರೇನಾದರೂ ಮಾಡುತ್ತಿದ್ದರೆ ಚೆನ್ನಾಗಿತ್ತು' ಎಂದು ಹೆಚ್ಚು ಸಲ ಬರೆದಿದ್ದರು. ಟಿ.ವಿ. ಮುಂದೆ ಕೂತಾಗ ಮನಸ್ಸು ಮಂಕಾಗಿದ್ದರೂ ಅಲ್ಲಿಂದ ಏಳುವ ಬಯಕೆ ಅಷ್ಟಾಗಿ ಇರಲಿಲ್ಲ. ಅನುಭವವೂ ಬಯಕೆಯೂ ಒಂದೇ ದಿಕ್ಕಿಗೆ ನಡೆಯುವುದಿಲ್ಲ. ತನಗೆ ಏನು ಇಷ್ಟ ಎಂದು ಮನುಷ್ಯ ಹೇಳುವುದಕ್ಕೂ, ಯಾವುದನ್ನು ಮಾಡುವಾಗ ಅವನು ಚುರುಕಾಗಿರುತ್ತಾನೆ ಎಂಬುದಕ್ಕೂ ನಡುವೆ ಇರುವ ಈ ಬಿರುಕೇ ಬರೆದಿಡುವ ಪದ್ಧತಿಗೆ ಇರುವ ಅತಿ ಬಲವಾದ ಸಮರ್ಥನೆ.

ಪೇಜರು ಕೆಲಸಕ್ಕೆ ಅಡ್ಡಿ, ಖರ್ಚೂ ಹೆಚ್ಚು. 2004ರಲ್ಲಿ ಡೇನಿಯಲ್ ಕಾನೆಮನ್ ಮತ್ತು ನಾಲ್ವರು ಸಹೋದ್ಯೋಗಿಗಳು 'ಸೈನ್ಸ್' ಪತ್ರಿಕೆಯಲ್ಲಿ ಇನ್ನೊಂದು ಉಪಾಯ ಮುಂದಿಟ್ಟರು. ನಿನ್ನೆಯ ದಿನವನ್ನು ಸಿನಿಮಾದ ದೃಶ್ಯಗಳಂತೆ ತುಣುಕು ತುಣುಕಾಗಿ ಬಿಡಿಸಬೇಕು. ಪ್ರತಿ ತುಣುಕೂ ಎಷ್ಟು ಹೊತ್ತಿಗೆ ಶುರುವಾಯಿತು, ಎಲ್ಲಿ, ಯಾರ ಜೊತೆ, ಆಗ ಏನೇನು ಅನ್ನಿಸಿತು ಎಂದು ಬರೆಯಬೇಕು. ಟೆಕ್ಸಸ್ಸಿನ 909 ಉದ್ಯೋಗಸ್ಥ ಮಹಿಳೆಯರು ಹೀಗೆ ಬರೆದರು. ಬೆಳಗಿನ ಪ್ರಯಾಣ ಎಲ್ಲಕ್ಕಿಂತ ಕೆಳಗೆ ಬಂತು. ಮಕ್ಕಳನ್ನು ನೋಡಿಕೊಳ್ಳುವುದೂ ಜನ ಮಾತಿನಲ್ಲಿ ಹೇಳುವುದಕ್ಕಿಂತ ಸಾಕಷ್ಟು ಕೆಳಗಿತ್ತು. ಆ ಕ್ಷಣದ ಸಂತೋಷಕ್ಕೆ ಆದಾಯ, ಓದು ಮುಂತಾದವುಗಳ ಪಾತ್ರ ಚಿಕ್ಕದಾಗಿತ್ತು. ಹಿಂದಿನ ರಾತ್ರಿ ಬಂದ ನಿದ್ದೆಯ ಪಾತ್ರ ದೊಡ್ಡದಾಗಿತ್ತು. ನಿದ್ದೆಯ ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ಹೊಣೆಗೂ ಹುರುಪಿಗೂ ಇರುವ ನಂಟನ್ನು ನೇರವಾಗಿ ಕೇಳಿದ ಅಧ್ಯಯನ ಬಂದದ್ದು ವೈದ್ಯಲೋಕದಿಂದ. ಅಮೆರಿಕದ ಮಿನ್ನೆಸೋಟದಲ್ಲಿರುವ ಮೇಯೊ ಕ್ಲಿನಿಕ್‌ನಲ್ಲಿ ಟೈಟ್ ಶಾನಫೆಲ್ಟ್ ಮತ್ತು ಸಹೋದ್ಯೋಗಿಗಳು ಆಂತರಿಕ ವೈದ್ಯಶಾಸ್ತ್ರ ವಿಭಾಗದ ವೈದ್ಯರಿಗೆ ಪ್ರಶ್ನಾವಳಿ ಕಳಿಸಿದರು. 465 ಮಂದಿ ಉತ್ತರಿಸಿದರು. ರೋಗಿಗಳ ಆರೈಕೆ, ಸಂಶೋಧನೆ, ಬೋಧನೆ, ಆಡಳಿತ ಈ ನಾಲ್ಕರಲ್ಲಿ ನಿಮಗೆ ಅತ್ಯಂತ ಅರ್ಥಪೂರ್ಣವಾದದ್ದು ಯಾವುದು, ಅದಕ್ಕೆ ನಿಮ್ಮ ದುಡಿಮೆಯಲ್ಲಿ ಎಷ್ಟು ಪಾಲು ಹೋಗುತ್ತದೆ ಎಂಬುದು ಅವರ ಮುಖ್ಯ ಪ್ರಶ್ನೆ. ತಮಗೆ ಅತ್ಯಂತ ಅರ್ಥಪೂರ್ಣವಾದ ಕೆಲಸಕ್ಕೆ ಶೇ 20ಕ್ಕಿಂತ ಕಡಿಮೆ, ಅಂದರೆ ವಾರದಲ್ಲಿ ಒಂದು ದಿನಕ್ಕೂ ಕಡಿಮೆ ಹೊತ್ತು ಸಿಗುತ್ತಿದ್ದವರಲ್ಲಿ ಶೇ 53.8 ಮಂದಿ ಬಸವಳಿದಿದ್ದರು. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಸಿಗುತ್ತಿದ್ದವರಲ್ಲಿ ಈ ಪ್ರಮಾಣ ಶೇ 29.9. ಈ ವರದಿ 2009ರಲ್ಲಿ ಪ್ರಕಟವಾಯಿತು.

ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಒಂದೇ ಸಂಸ್ಥೆಯ ವೈದ್ಯರನ್ನು ಒಂದೇ ಸಲ ಕೇಳಿದ್ದು. ಬಸವಳಿದವರಿಗೆ ಯಾವ ಕೆಲಸವೂ ರುಚಿಸದೆ ಅವರು ಹಾಗೆ ಉತ್ತರಿಸಿರಲೂಬಹುದು. 'ಶೇ 20' ಎಲ್ಲ ವೃತ್ತಿಗೂ ಹೊಂದುವ ನಿಯಮವೆಂದು ಹೇಳಲು ಇದು ಸಾಲದು. ಆದರೂ ಈ ಅಧ್ಯಯನ ಒಂದು ತಪ್ಪು ಆಸೆಯನ್ನು ತಿದ್ದುತ್ತದೆ. ಇಷ್ಟದ ಕೆಲಸವೇ ಇಡೀ ದಿನ ತುಂಬಿರುವ ಹುದ್ದೆಯನ್ನು ಹುಡುಕುತ್ತ ಹೊರಡಬೇಕಾಗಿಲ್ಲ. ವಾರದಲ್ಲಿ ಒಂದು ದಿನದಷ್ಟು ಹೊತ್ತು ಅದಕ್ಕೆ ಸಿಗುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಬಹುದು. ಆದರೆ ಅದನ್ನು ನೋಡಿಕೊಳ್ಳಲು ಆ ಕೆಲಸ ಯಾವುದು ಎಂದು ಗೊತ್ತಿರಬೇಕು. ನಕ್ಷೆ ಬೇಕಾಗುವುದು ಇಲ್ಲಿಯೇ.

ನಕ್ಷೆ ಬರೆಯುವ ಬಗೆಯನ್ನು ಜನಪ್ರಿಯಗೊಳಿಸಿದವರು ಸ್ಟ್ಯಾನ್‌ಫರ್ಡ್‌ನ ಬಿಲ್ ಬರ್ನೆಟ್ ಮತ್ತು ಡೇವ್ ಇವಾನ್ಸ್. ಬದುಕನ್ನು ವಿನ್ಯಾಸಗೊಳಿಸುವ ಬಗ್ಗೆ ಅವರು ನಡೆಸಿದ ತರಗತಿ 2016ರಲ್ಲಿ ಪುಸ್ತಕವಾಗಿ ಬಂತು. ಮೂರು ವಾರ ಪ್ರತಿದಿನ ಮಾಡಿದ ಕೆಲಸಗಳನ್ನು ಬರೆದು, ಪ್ರತಿಯೊಂದಕ್ಕೂ ಎರಡು ಅಳತೆ ಹಾಕಬೇಕು ಎನ್ನುತ್ತಾರೆ ಅವರು. ಒಂದು, ಆ ಕೆಲಸದಲ್ಲಿ ಎಷ್ಟು ತಲ್ಲೀನತೆ ಇತ್ತು ಎಂಬುದು. ಇನ್ನೊಂದು, ಅದು ಮುಗಿದಾಗ ಹುರುಪು ಏರಿತ್ತೋ ಇಳಿದಿತ್ತೋ ಎಂಬುದು. ಎರಡನ್ನೂ ಬೇರೆ ಬೇರೆ ಬರೆಯಬೇಕು ಎಂಬುದೇ ಈ ವಿಧಾನದ ಜೀವಾಳ. ತಲ್ಲೀನನಾಗಿ ಮಾಡಿದ ಕೆಲಸವೂ ಮನುಷ್ಯನನ್ನು ಹಿಂಡಬಹುದು. ನ್ಯಾಯಾಲಯದಲ್ಲಿ ಪಾಟೀಸವಾಲು ನಡೆಸುವ ವಕೀಲರಿಗೆ ಆ ಒಂದು ಗಂಟೆ ಬೇರೆ ಲೋಕದ ಅರಿವೇ ಇರದೆ ಹೋಗಬಹುದು. ಹೊರಗೆ ಬಂದ ಮೇಲೆ ಅರ್ಧ ದಿನ ಯಾವ ಕೆಲಸಕ್ಕೂ ಬಾರದಂತೆ ಸುಸ್ತಾಗಬಹುದು.

ಎದ್ದು ಕಾಣುವ ತುಣುಕುಗಳನ್ನು ಆಮೇಲೆ ಇನ್ನಷ್ಟು ಬಿಡಿಸಬೇಕು. ನಿಜವಾಗಿ ಕೈ ಏನು ಮಾಡುತ್ತಿತ್ತು, ಜಾಗ ಎಂಥದು, ಮಾತು ಔಪಚಾರಿಕವೋ ಸಲಿಗೆಯದೋ, ಎದುರಿಗೆ ಯಾವ ವಸ್ತು ಇತ್ತು, ಯಾರು ಇದ್ದರು ಎಂದು ಕೇಳಿಕೊಳ್ಳಬೇಕು. 'ಮೀಟಿಂಗ್ ಎಂದರೆ ನನಗಾಗದು' ಎನ್ನುವವರು ಬಿಡಿಸಿ ನೋಡಿದಾಗ, ಹದಿನೈದು ಜನರ ಮೀಟಿಂಗು ಹೀರುತ್ತದೆ, ಇಬ್ಬರು ಕೂತು ಒಂದು ಲೆಕ್ಕ ಬಿಡಿಸುವ ಮೀಟಿಂಗು ಹುರುಪು ಕೊಡುತ್ತದೆ ಎಂಬುದು ಹೊರಬರಬಹುದು.

ಹುರುಪು ಎಂಬುದರಲ್ಲೂ ಎರಡು ಬಗೆಯಿದೆ. ಮನೋವಿಜ್ಞಾನಿ ರಾಬರ್ಟ್ ಥೇಯರ್ ಬಹುಕಾಲ ಇದನ್ನೇ ಅಭ್ಯಾಸ ಮಾಡಿದವರು. ಚೈತನ್ಯ ಮತ್ತು ಬಿಗಿತ ಎರಡು ಬೇರೆ ಅಳತೆಗಳು, ಒಂದೇ ಕೋಲಿನ ಎರಡು ತುದಿಗಳಲ್ಲ ಎಂಬುದು ಅವರ ವಾದ. 1987ರ ಅವರ ಪ್ರಯೋಗದಲ್ಲಿ ಹತ್ತು ನಿಮಿಷ ಚುರುಕಾಗಿ ನಡೆದವರಲ್ಲಿ ಚೈತನ್ಯ ಏರಿ ಹೆಚ್ಚು ಹೊತ್ತು ಉಳಿಯಿತು, ಬಿಗಿತ ಇಳಿಯಿತು. ಸಿಹಿ ತಿಂದವರಲ್ಲಿ ಚೈತನ್ಯ ಬೇಗ ಏರಿ, ಒಂದು ಗಂಟೆಯೊಳಗೆ ದಣಿವೂ ಬಿಗಿತವೂ ಹೆಚ್ಚಾದವು. ಕೊನೆಯ ದಿನಾಂಕ ಹತ್ತಿರ ಬಂದಾಗ ಎದೆ ಹೊಡೆದುಕೊಳ್ಳುತ್ತ ಮಾಡುವ ಕೆಲಸವೂ ಹುರುಪಿನಂತೆಯೇ ಕಾಣುತ್ತದೆ. ನಕ್ಷೆಯಲ್ಲಿ ಅದಕ್ಕೆ ಪೂರ್ಣ ಅಂಕ ಬೀಳುತ್ತದೆ. ಎರಡು ಗಂಟೆ ಬಿಟ್ಟು ಮತ್ತೊಮ್ಮೆ ಬರೆದರೆ ಮಾತ್ರ ಅಸಲಿಯತ್ತು ತಿಳಿಯುತ್ತದೆ.

ಇದನ್ನೆಲ್ಲ ಒಂದು ದಿನಚರಿಗೆ ಹಚ್ಚಿ ನೋಡಬಹುದು. ಉದಾಹರಣೆಗೆಂದು ಕಟ್ಟಿಕೊಂಡ ವ್ಯಕ್ತಿ ಇವರು: ತಾಲ್ಲೂಕು ಕೇಂದ್ರದಿಂದ ಹದಿನೈದು ಕಿಲೋಮೀಟರ್ ದೂರದ ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ವಿಜ್ಞಾನ, ಗಣಿತ ಕಲಿಸುವ ಶಿಕ್ಷಕಿ. ಸೇವೆ ಹನ್ನೆರಡು ವರ್ಷ. 'ತರಬೇತಿಯಲ್ಲಿ ಎಷ್ಟು ಚೆನ್ನಾಗಿ ಮಾತಾಡ್ತೀರಿ ಮೇಡಂ, ಸಿಆರ್‌ಪಿ ಪರೀಕ್ಷೆ ಬರೀರಿ' ಎಂದು ಸಹೋದ್ಯೋಗಿಗಳು ಹೇಳುತ್ತಲೇ ಇದ್ದಾರೆ. ಸಿಆರ್‌ಪಿ ಎಂದರೆ ಒಂದು ಕ್ಲಸ್ಟರಿನ ಶಾಲೆಗಳಿಗೆಲ್ಲ ಶೈಕ್ಷಣಿಕ ಬೆಂಬಲ ಕೊಡಬೇಕಾದ ಸಮೂಹ ಸಂಪನ್ಮೂಲ ವ್ಯಕ್ತಿ. ಬರೆಯಲೋ ಬೇಡವೋ ಎಂಬುದು ಅವರ ಮುಂದಿರುವ ಪ್ರಶ್ನೆ.

ಅವರು ಚಿಕ್ಕ ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಐದು ಕಾಲಂ ಎಳೆದುಕೊಳ್ಳುತ್ತಾರೆ. ಹೊತ್ತು, ಕೆಲಸ, ಎಷ್ಟು ನಿಮಿಷ, ತಲ್ಲೀನತೆಗೆ 0ಯಿಂದ 3ರವರೆಗೆ ಅಂಕ, ಹುರುಪಿಗೆ −2ರಿಂದ +2ರವರೆಗೆ ಅಂಕ. ತರಗತಿ ಮುಗಿದು ಇನ್ನೊಂದಕ್ಕೆ ಹೋಗುವ ನಡುವೆ ಅರ್ಧ ನಿಮಿಷದಲ್ಲಿ ಬರೆದು ಮುಗಿಸಬೇಕು. ಸಂಜೆ ಮನೆಗೆ ಹೋಗಿ ಬರೆದರೆ ದಿನದ ಕೊನೆಯ ಗಂಟೆಯ ಬಣ್ಣ ಎಲ್ಲದಕ್ಕೂ ಬಳಿದುಕೊಳ್ಳುತ್ತದೆ.

ಮೊದಲ ವಾರದ ಪುಟಗಳಲ್ಲಿ ದೊಡ್ಡ ವಿಶೇಷವಿಲ್ಲ. 8ನೇ ತರಗತಿಯಲ್ಲಿ ಕನ್ನಡಿ ಹಿಡಿದು ಬೆಳಕಿನ ಪ್ರತಿಫಲನ ತೋರಿಸಿದ ಪಾಠಕ್ಕೆ ತಲ್ಲೀನತೆ 3, ಹುರುಪು +2. ಗಂಟಲು ಕಟ್ಟಿತ್ತು ಎಂದೂ ಬರೆದಿದ್ದಾರೆ. ಪಾಠದ ಪ್ರಶ್ನೋತ್ತರ ಬರೆಸಿದ ಅವಧಿಗೆ 1 ಮತ್ತು −1. ವಿದ್ಯಾರ್ಥಿಗಳ ವಿವರಗಳನ್ನು ಎಸ್‌ಎಟಿಎಸ್‌ನಲ್ಲಿ ತುಂಬುವ ಕೆಲಸಕ್ಕೆ, ಸರ್ವರ್ ನಿಧಾನವಿದ್ದ ದಿನ, 0 ಮತ್ತು −2. ಇಷ್ಟನ್ನು ನಕ್ಷೆಯಿಲ್ಲದೆಯೂ ಅವರು ಹೇಳಬಲ್ಲವರಾಗಿದ್ದರು.

ಕುತೂಹಲ ಹುಟ್ಟುವುದು 'ಬಿಸಿಯೂಟದ ಹೊಣೆ' ಎಂಬ ಸಾಲಿನಲ್ಲಿ. ಒಂದು ದಿನ +1, ಇನ್ನೊಂದು ದಿನ −2. ಒಂದೇ ಕೆಲಸಕ್ಕೆ ಅಂಕ ಹೀಗೆ ಏರಿಳಿದರೆ, ಒಂದೇ ಹೆಸರಿನಲ್ಲಿ ಎರಡು ಕೆಲಸ ಅಡಗಿವೆ ಎಂದು ಅನುಮಾನಿಸಬೇಕು. ಬಿಡಿಸಿ ಬರೆದಾಗ ಅದು ನಿಜವಾಗುತ್ತದೆ. ಮಕ್ಕಳ ಸಾಲಿನ ನಡುವೆ ಓಡಾಡುತ್ತ, ಯಾರು ಊಟ ಬಿಡುತ್ತಿದ್ದಾರೆ, ಯಾರ ಮುಖ ಸಪ್ಪಗಿದೆ ಎಂದು ಮಾತಾಡಿಸುವುದು ಅವರಿಗೆ ಹುರುಪು ತರುತ್ತದೆ. ಅಕ್ಕಿ, ಬೇಳೆ, ಮೊಟ್ಟೆಯ ಲೆಕ್ಕವನ್ನು ರಿಜಿಸ್ಟರಿಗೆ ತಾಳೆ ಹಾಕುವುದು ಹೀರುತ್ತದೆ. ಪಕ್ಕದ ಕೊಠಡಿಯ ಶಿಕ್ಷಕರಿಗೆ ಇದು ತಿರುಗುಮುರುಗಾಗಿರಬಹುದು. ಲೆಕ್ಕ ಪೈಸೆಗೆ ಪೈಸೆ ಹೊಂದಿದಾಗ ಸಿಗುವ ನೆಮ್ಮದಿಗಾಗಿಯೇ ರಿಜಿಸ್ಟರು ಕೇಳಿ ಪಡೆಯುವವರು ಪ್ರತಿ ಶಾಲೆಯಲ್ಲೂ ಒಬ್ಬರಾದರೂ ಇರುತ್ತಾರೆ. ಹೊಣೆಯನ್ನು ಇಡಿಯಾಗಿ ಒಬ್ಬರ ಹೆಗಲಿಗೆ ಹಾಕುವ ಬದಲು ಅದರ ತುಣುಕುಗಳನ್ನು ಹಂಚಿಕೊಂಡರೆ ಇಬ್ಬರಿಗೂ ಲಾಭ. ಮುಖ್ಯ ಶಿಕ್ಷಕರು ಒಪ್ಪಿದರೆ ಇದಕ್ಕೆ ಯಾವ ಆದೇಶವೂ ಬೇಕಾಗದು.

ಇನ್ನೊಂದು ಸಾಲು ದಾರಿ ತಪ್ಪಿಸುವಂಥದು. 7ನೇ ತರಗತಿಯ ಗಣಿತಕ್ಕೆ ದಿನವೂ −1. ಈ ತರಗತಿಯೇ ತನಗೆ ಒಗ್ಗುವುದಿಲ್ಲವೇನೋ ಎಂದು ಅವರಿಗೆ ಅನ್ನಿಸಿದೆ. ಆದರೆ ಆ ಅವಧಿ ಇರುವುದು ಮಧ್ಯಾಹ್ನ ಎರಡೂಕಾಲಕ್ಕೆ, ಊಟವಾದ ಮೇಲೆ, ಶೀಟಿನ ಛಾವಣಿಯ ಕೊಠಡಿಯಲ್ಲಿ. ಎರಡನೇ ವಾರ ಅವಧಿಯನ್ನು ಬೆಳಗಿನ ಹೊತ್ತಿಗೆ ಬದಲಿಸಿಕೊಂಡಾಗ ಅದೇ ಮಕ್ಕಳ ಜೊತೆ, ಅದೇ ಭಿನ್ನರಾಶಿಗೆ +1 ಬೀಳುತ್ತದೆ. ಹೀರುತ್ತಿದ್ದುದು ಹೊತ್ತು ಮತ್ತು ಸೆಕೆ. ಕೆಲಸದ ಮೇಲೆ ತೀರ್ಪು ಕೊಡುವ ಮೊದಲು ಅದನ್ನು ದಿನದ ಬೇರೆ ಹೊತ್ತಿನಲ್ಲಿ ಒಮ್ಮೆಯಾದರೂ ಮಾಡಿ ನೋಡಬೇಕು. ಟೆಕ್ಸಸ್ಸಿನ ಮಹಿಳೆಯರ ದಾಖಲೆ ಹೇಳಿದ ನಿದ್ದೆಯ ಮಾತು ಇಲ್ಲಿ ಬೇಕಾಗುತ್ತದೆ: ಪುಟದ ತಲೆಯಲ್ಲಿ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು ಎಂದು ಬರೆದುಕೊಂಡರೆ, ಇಡೀ ದಿನ ತಗ್ಗಿದ ಪುಟಗಳನ್ನು ಬೇರೆ ಇಟ್ಟು ನೋಡಲು ಅನುಕೂಲ.

ಅತ್ಯಂತ ಬೆಲೆಯುಳ್ಳ ಸಾಲು ಸಂಜೆ ನಾಲ್ಕೂಕಾಲರದು. ಭಾಗಾಕಾರ ಬಾರದ ಮೂವರು ಮಕ್ಕಳನ್ನು ಕೂರಿಸಿಕೊಂಡು, ಅವರು ಎಲ್ಲಿ ಎಡವುತ್ತಿದ್ದಾರೆ ಎಂದು ಹುಡುಕಿದ ಇಪ್ಪತ್ತು ನಿಮಿಷ. ಒಬ್ಬ ಹುಡುಗ 612ನ್ನು 6ರಿಂದ ಭಾಗಿಸಿ 12 ಎಂದು ಬರೆಯುತ್ತಿದ್ದ. ಮಗ್ಗಿ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಹತ್ತರ ಸ್ಥಾನದ 1ರಲ್ಲಿ 6 ಹೋಗದಿದ್ದಾಗ ಭಾಗಲಬ್ಧದಲ್ಲಿ ಸೊನ್ನೆ ಬರೆಯಬೇಕೆಂಬುದೊಂದೇ ತಪ್ಪಿಹೋಗಿತ್ತು. 102 ಆಗಬೇಕಾದದ್ದು 12 ಆಗಿತ್ತು. ಅದು ಸಿಕ್ಕ ಗಳಿಗೆಯಲ್ಲಿ ಶಿಕ್ಷಕಿ ಬರೆದ ಅಂಕ 3 ಮತ್ತು +2. ಬೆಳಿಗ್ಗೆ ಹತ್ತೂವರೆಗೆ ಬೀಳುವ +2ಕ್ಕಿಂತ ಇದರ ತೂಕ ಹೆಚ್ಚು. ಇಡೀ ದಿನ ದುಡಿದು, ಬಸ್ಸಿಗೆ ಹೊತ್ತಾಗಿರುವಾಗಲೂ ಹುರುಪು ಏರಿಸುವ ಕೆಲಸ ಅವರ ಆಳದ ಒಲವನ್ನು ತೋರಿಸುತ್ತದೆ. ಮಕ್ಕಳ ನೋಟ್‌ಬುಕ್ ತಿದ್ದುವ ಸಾಲನ್ನು ನೋಡಿದರೆ ಅಲ್ಲೂ ಇದೇ ಸುಳಿವು. ಸರಿ ಉತ್ತರಗಳಿಗೆ ಟಿಕ್ ಹಾಕುತ್ತ ಹೋಗುವುದು −1, ತಪ್ಪು ಉತ್ತರ ಏಕೆ ಬಂತು ಎಂದು ಯೋಚಿಸುತ್ತ ಕೂತದ್ದು +1.

ಇನ್ನು, ಸಹೋದ್ಯೋಗಿಗಳು ಹೊಗಳುವ ತರಬೇತಿ ಭಾಷಣ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಮೂವತ್ತು ಶಿಕ್ಷಕರ ಮುಂದೆ ಒಂದು ಪ್ರಯೋಗ ಮಾಡಿ ತೋರಿಸಿದ ಅರ್ಧ ಗಂಟೆಗೆ 3 ಮತ್ತು +2 ಬಿದ್ದಿದೆ. ಆದರೆ ಹಿಂದಿನ ರಾತ್ರಿ ನಿದ್ದೆ ಸರಿಯಾಗಿಲ್ಲ, ಸಭೆ ಮುಗಿದ ಎರಡು ಗಂಟೆಗೆ ತಲೆನೋವು, ಹುರುಪು −2. ಥೇಯರ್ ಹೇಳುವ ಬಿಗಿತ ಬೆರೆತ ಚೈತನ್ಯ ಇದು. ಚೆನ್ನಾಗಿ ಮಾಡುತ್ತಾರೆ ಎಂಬುದರಲ್ಲಿ ಅನುಮಾನವಿಲ್ಲ. ಚೆನ್ನಾಗಿ ಬರುವ ಕೆಲಸವೆಲ್ಲ ಹುರುಪು ಕೊಡುವ ಕೆಲಸವಲ್ಲ ಎಂಬುದನ್ನು ಸುತ್ತಲಿನವರು ಕಾಣಲಾರರು, ಏಕೆಂದರೆ ಅವರು ನೋಡುವುದು ಆ ಅರ್ಧ ಗಂಟೆಯನ್ನು ಮಾತ್ರ. ಬಡ್ತಿಯ ಸಲಹೆಗಳಲ್ಲಿ ಹೆಚ್ಚಿನವು ಎಡವುವುದು ಇಲ್ಲೇ. ಒಳ್ಳೆಯ ಶಸ್ತ್ರಚಿಕಿತ್ಸಕರನ್ನು ಆಸ್ಪತ್ರೆಯ ಆಡಳಿತಕ್ಕೆ, ಒಳ್ಳೆಯ ಪ್ರೋಗ್ರಾಮರನ್ನು ತಂಡದ ಮ್ಯಾನೇಜರಿಕೆಗೆ ತಳ್ಳುವ ವಾಡಿಕೆಯ ಹಿಂದೆ ಇದೇ ಗೊಂದಲವಿದೆ.

ಎರಡು ವಾರದ ಪುಟಗಳನ್ನು ಎದುರಿಗಿಟ್ಟುಕೊಂಡ ಮೇಲೆ ಮಾಡಬೇಕಾದ ಲೆಕ್ಕ ಸುಲಭ. +2 ಬಿದ್ದ, ಎರಡು ಗಂಟೆಯ ನಂತರವೂ ಇಳಿಯದ ತುಣುಕುಗಳ ನಿಮಿಷಗಳನ್ನು ಕೂಡಬೇಕು. ಈ ಶಿಕ್ಷಕಿಗೆ ವಾರಕ್ಕೆ ಮೂರೂವರೆ ಗಂಟೆ ಬಂತು ಎನ್ನೋಣ. ವಾರದ ದುಡಿಮೆ ಸುಮಾರು ಮೂವತ್ತೈದು ಗಂಟೆಯಾದರೆ ಅದು ಹತ್ತನೇ ಒಂದು ಪಾಲು, ಮೇಯೊ ವೈದ್ಯರ ಗೆರೆಯ ಅರ್ಧ. ಮುಂದಿನ ಪ್ರಶ್ನೆ ಯಾವ ಹುದ್ದೆ ದೊಡ್ಡದು ಎಂಬುದಲ್ಲ. ಯಾವ ಹೊಣೆಯಲ್ಲಿ ಈ ಪಾಲು ಹೆಚ್ಚುತ್ತದೆ ಎಂಬುದು.

ಸಿಆರ್‌ಪಿಯ ವಾರವನ್ನೂ ಹಾಗೆಯೇ ತುಣುಕು ಮಾಡಬೇಕು. ಶಾಲಾ ಭೇಟಿ, ತರಗತಿ ವೀಕ್ಷಣೆ, ಶಿಕ್ಷಕರ ಜೊತೆ ಚರ್ಚೆ, ಸಭೆ ನಡೆಸುವುದು, ಶಾಲೆಗಳಿಂದ ಮಾಹಿತಿ ಕ್ರೋಡೀಕರಿಸಿ ಮೇಲಿನ ಕಚೇರಿಗೆ ಕಳಿಸುವುದು, ಅದಕ್ಕಾಗಿ ಮತ್ತೆ ಮತ್ತೆ ಫೋನು. ಸಹೋದ್ಯೋಗಿಗಳ ಕಣ್ಣಲ್ಲಿ ಅದು ಮಾತಾಡುವ ಹುದ್ದೆ. ತುಣುಕುಗಳಲ್ಲಿ ನೋಡಿದರೆ ವೇದಿಕೆಯ ಮಾತು ಅದರ ಚಿಕ್ಕ ಭಾಗ. ಮಾಹಿತಿ ಕ್ರೋಡೀಕರಣ ಈ ಶಿಕ್ಷಕಿಯ ನಕ್ಷೆಯಲ್ಲಿ −2ರ ಗುಂಪಿಗೆ ಸೇರಿದ್ದು. ಇದಕ್ಕೆ ಬದಲು ಹಿಂದುಳಿದ ಮಕ್ಕಳಿಗೆ ಪರಿಹಾರ ಬೋಧನೆಯ ಹೊಣೆಯನ್ನು ಶಾಲೆಯಲ್ಲೇ ಕೇಳಿ ಪಡೆಯುವುದು, ಡಯಟ್‌ನ ಕಾರ್ಯಾಗಾರಗಳಲ್ಲಿ ಗಣಿತದ ಕಲಿಕಾ ಸಾಮಗ್ರಿ ತಯಾರಿಸುವ ಗುಂಪಿಗೆ ಸೇರುವುದು ಅವರ ನಕ್ಷೆಗೆ ಹೆಚ್ಚು ಹತ್ತಿರ. ಮೊದಲನೆಯದು ಬಡ್ತಿಯಲ್ಲ, ಎರಡನೆಯದು ವರ್ಷಕ್ಕೆ ಕೆಲವೇ ದಿನ. ಆದರೂ ಪಾಲು ಏರುತ್ತದೆ.

ಹುದ್ದೆ ಬಿಡದೆ ಅದರ ಒಳಗಿನ ಕೆಲಸವನ್ನು ಹೀಗೆ ಮರುಜೋಡಿಸಿಕೊಳ್ಳುವುದರ ಬಗ್ಗೆ 2001ರಲ್ಲಿ ಏಮಿ ರೆಸ್ನೆಸ್ಕಿ ಮತ್ತು ಜೇನ್ ಡಟನ್ ಬರೆದ ಪ್ರಬಂಧ ಇಂದಿಗೂ ಈ ಕ್ಷೇತ್ರದ ಆಧಾರ. ಅಮೆರಿಕದ ಆಸ್ಪತ್ರೆಯೊಂದರ ಶುಚಿತ್ವ ಸಿಬ್ಬಂದಿಯನ್ನು ಗಮನಿಸಿದಾಗ, ಒಂದೇ ಸಂಬಳ, ಒಂದೇ ಕೆಲಸದ ಪಟ್ಟಿ ಇದ್ದವರಲ್ಲಿ ಎರಡು ಬಗೆಯವರು ಕಂಡರು. ಕೆಲವರು ಪಟ್ಟಿಯಲ್ಲಿದ್ದಷ್ಟು ಮಾಡಿ ಹೋಗುತ್ತಿದ್ದರು. ಇನ್ನು ಕೆಲವರು ರೋಗಿಗಳ ಜೊತೆ, ಬಂದುಹೋಗುವವರ ಜೊತೆ ಮಾತಾಡುತ್ತ, ದಾದಿಯರಿಗೆ ನೆರವಾಗುವಂತೆ ಹೊತ್ತು ಹೊಂದಿಸಿಕೊಳ್ಳುತ್ತ, ತಮ್ಮ ಕೆಲಸವೂ ಗುಣಪಡಿಸುವುದರ ಭಾಗವೆಂದು ಕಾಣುತ್ತಿದ್ದರು. ಪ್ರಜ್ಞೆಯಿಲ್ಲದೆ ಮಲಗಿದವರ ಕೊಠಡಿಗಳಲ್ಲಿ ಗೋಡೆಯ ಚಿತ್ರಗಳನ್ನು ಆಗಾಗ ಬದಲಿಸುತ್ತಿದ್ದ ಒಬ್ಬರ ಪ್ರಸಂಗವನ್ನು ರೆಸ್ನೆಸ್ಕಿ ಹೇಳುತ್ತಾರೆ. ಇದನ್ನು ಓದಿ ಯಾವ ಹುದ್ದೆಯನ್ನಾದರೂ ಚೆಂದಗಾಣಿಸಿಕೊಳ್ಳಬಹುದು ಎಂದು ತೀರ್ಮಾನಿಸುವುದು ಅನ್ಯಾಯ. ಪ್ರತಿ ನಿಮಿಷಕ್ಕೂ ಗುರಿ ನಿಗದಿಯಾಗಿರುವ ಗಾರ್ಮೆಂಟ್ ಕಾರ್ಖಾನೆಯ ಹೊಲಿಗೆ ಸಾಲಿನಲ್ಲಿ ಕೂತವರಿಗೆ ಕೆಲಸವನ್ನು ಮರುಜೋಡಿಸಿಕೊಳ್ಳುವ ಜಾಗವೇ ಇಲ್ಲ. ಅಲ್ಲಿ ನಕ್ಷೆಯ ತುಂಬ −2 ಬಿದ್ದರೆ ಅದು ಕಾರ್ಮಿಕರ ಒಲವಿನ ಸುದ್ದಿಯಲ್ಲ, ಗುರಿ ನಿಗದಿ ಮಾಡಿದವರಿಗೆ ತಲುಪಬೇಕಾದ ವರದಿ.

ಹುರುಪು ಎಂದರೆ ಬೆಳಿಗ್ಗೆ ತುಂಬಿ ಸಂಜೆಗೆ ಖಾಲಿಯಾಗುವ ಟ್ಯಾಂಕು ಎಂಬ ಕಲ್ಪನೆಯನ್ನೂ ಅತಿಯಾಗಿ ನಂಬಬಾರದು. ಸಂಯಮ ಬಳಸಿದಷ್ಟೂ ಕರಗುತ್ತದೆ ಎಂದು 1998ರಲ್ಲಿ ರಾಯ್ ಬೌಮೈಸ್ಟರ್ ತಂಡ ತೋರಿಸಿದ ಪ್ರಯೋಗ ಬಹುಕಾಲ ಪಠ್ಯಗಳಲ್ಲಿ ಮೆರೆಯಿತು. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಆ ಬಗೆಯ ಪರೀಕ್ಷೆ ನಡೆಸಿದಾಗ ಪರಿಣಾಮ ಸೊನ್ನೆಯ ಹತ್ತಿರ ಬಂತು. ಆದ್ದರಿಂದ ನಕ್ಷೆಯ ಅಂಕಗಳನ್ನು ಬ್ಯಾಂಕ್ ಖಾತೆಯಂತೆ ಕೂಡಿ ಕಳೆದು, 'ಇಂದು ಒಟ್ಟು −3' ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಅಂಕಗಳ ಉಪಯೋಗ ಒಂದು ಕೆಲಸವನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದಕ್ಕೆ ಮಾತ್ರ.

ಹೊಸದಾಗಿ ಕಲಿಯುತ್ತಿರುವ ಕೆಲಸವೂ ಮೊದಮೊದಲು ಹೀರುತ್ತದೆ. ಸ್ಪ್ರೆಡ್‌ಶೀಟ್ ಮೊದಲ ತಿಂಗಳು −2 ಇದ್ದದ್ದು ಕೈ ಕುದುರಿದ ಮೇಲೆ +1 ಆಗಬಹುದು. ಚಿಕ್‌ಸೆಂಟ್‌ಮಿಹಾಯ್ ಅವರ ಲೆಕ್ಕದಲ್ಲಿ ಸವಾಲು ಕೌಶಲಕ್ಕಿಂತ ಮೇಲಿದ್ದರೆ ಸಿಗುವುದು ಕಳವಳ, ತಲ್ಲೀನತೆಯಲ್ಲ. ಆರು ತಿಂಗಳೂ ಆಗದ ಕೆಲಸದ ಅಂಕವನ್ನು ಪೆನ್ಸಿಲಿನಲ್ಲಿ ಬರೆದು, ಕೆಲವು ತಿಂಗಳ ನಂತರ ಮತ್ತೆ ನೋಡುವುದು ಒಳ್ಳೆಯದು.

ಶಿಕ್ಷಕಿಯ ನಕ್ಷೆಯಲ್ಲಿ ಇನ್ನೊಂದು ಕೊರತೆ ಉಳಿದಿದೆ. ಸಿಆರ್‌ಪಿಯ ಕೆಲಸಗಳಲ್ಲಿ ಒಂದಾದ ತರಗತಿ ವೀಕ್ಷಣೆಗೆ ಅಲ್ಲಿ ಯಾವ ಅಂಕವೂ ಇಲ್ಲ, ಏಕೆಂದರೆ ಬೇರೆ ಶಿಕ್ಷಕರ ಪಾಠವನ್ನು ಕೂತು ನೋಡಿ, ಎಲ್ಲಿ ಮಕ್ಕಳು ಕೈತಪ್ಪುತ್ತಿದ್ದಾರೆ ಎಂದು ಹೇಳುವ ಕೆಲಸವನ್ನು ಅವರು ಎಂದೂ ಮಾಡಿಲ್ಲ. ಭಾಗಾಕಾರದ ತಪ್ಪು ಹುಡುಕಿದ್ದಕ್ಕೆ +2 ಕೊಟ್ಟವರಿಗೆ ಇದು ಅದರ ಮುಂದುವರಿಕೆ ಆಗಬಹುದು. ಆದರೆ ಮಗುವಿನ ತಪ್ಪಿಗೂ ವಯಸ್ಕರ ತಪ್ಪಿಗೂ ವ್ಯತ್ಯಾಸವಿದೆ. ದೊಡ್ಡವರಿಗೆ ಹೇಳುವಾಗಿನ ಮುಜುಗರವೇ ಅವರನ್ನು ಹಿಂಡಲೂಬಹುದು. ಮಾಡದ ಕೆಲಸದ ಬಗ್ಗೆ ನಕ್ಷೆ ಏನನ್ನೂ ಹೇಳಲಾರದು. ಹಾಗಾಗಿ ಅರ್ಜಿ ಹಾಕುವ ಮೊದಲು ಅವರು ಮಾಡಬಹುದಾದದ್ದು ಎರಡು. ಪಕ್ಕದ ಊರಿನ ಶಾಲೆಯಲ್ಲಿ ಪರಿಚಯದ ಶಿಕ್ಷಕರೊಬ್ಬರ ಒಪ್ಪಿಗೆ ಪಡೆದು ಎರಡು ಅವಧಿ ಹಿಂದಿನ ಬೆಂಚಿನಲ್ಲಿ ಕೂತು, ಆಮೇಲೆ ಅವರೊಡನೆ ಚಹಾ ಕುಡಿಯುತ್ತ ಕಂಡದ್ದನ್ನು ಹೇಳುವುದು; ಒಂದು ಶನಿವಾರ ಮಧ್ಯಾಹ್ನ ಈಗಿನ ಸಿಆರ್‌ಪಿಯ ಪಕ್ಕದಲ್ಲಿ ಕೂತು ಶಾಲೆಗಳ ಮಾಹಿತಿ ಕ್ರೋಡೀಕರಿಸಲು ನೆರವಾಗುವುದು. ಎರಡಕ್ಕೂ ಮುಗಿದ ಕೂಡಲೇ ಒಂದು ಅಂಕ, ಎರಡು ಗಂಟೆ ಬಿಟ್ಟು ಇನ್ನೊಂದು. ಪರೀಕ್ಷೆಯ ಅರ್ಜಿಗೆ ಕೊನೆಯ ದಿನಾಂಕ ಬರುವುದರೊಳಗೆ ಅವರ ನೋಟ್‌ಬುಕ್ಕಿನಲ್ಲಿ ಆ ನಾಲ್ಕು ಅಂಕಗಳು ಇರಬೇಕು.